ತಡವಾಗಲು ಕಾರಣ

ಹೊನ್ನಾಳಿಯ ಬೆನಕಪ್ಪನವರ ಮನೆಯಲ್ಲಿ ಜನ ನಾಲ್ವರು, ಪಾಯಿಖಾನೆ ಒಂದು. ಇದರಲ್ಲಿ ವಿಶೇಷವೇನೂ ಇಲ್ಲ, ಊರಿನ ಎಷ್ಟೋ ಮನೆಗಳ ಕಥೆ ಇದೇ. ಆದರೆ ಆ ನಾಲ್ವರಲ್ಲಿ ಒಬ್ಬರು ಮೂವತ್ತನಾಲ್ಕು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಬಸ್ಸುಗಳ ಟೈಮು ಬರೆದವರಾದರೆ ಮನೆಯಲ್ಲಿ ಉಳಿದವರ ಬಾಳು ಸುಲಭವಲ್ಲ.

ಬೆನಕಪ್ಪನವರು ರಿಟೈರ್ ಆಗಿ ನಾಲ್ಕು ವರ್ಷವಾಗಿತ್ತು. ಕೈಗೆ ಗಡಿಯಾರ ಕಟ್ಟದೆ ಸ್ನಾನಕ್ಕೂ ಹೋಗುತ್ತಿರಲಿಲ್ಲ. ಊಟಕ್ಕೆ ಕರೆಯುವಾಗ ಕೂಡ ಮೈಕಿನ ಮುಂದೆ ನಿಂತವರ ಹಾಗೆ, "ಊಟಕ್ಕೆ ಬರೋರು ಕೂಡಲೇ ಅಡಿಗೆಮನೆ ಕಡೆ ಬರಬೇಕು" ಎನ್ನುತ್ತಿದ್ದರು. ಹಿತ್ತಲಲ್ಲಿ ಇನ್ನೊಂದು ಪಾಯಿಖಾನೆ ಕಟ್ಟಿಸಬೇಕೆಂಬುದು ಅವರ ಬಹುದಿನದ ಆಸೆ. ಮಗ ಪ್ರಸನ್ನಕುಮಾರ್ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು, "ಇರೋದು ನಾಲ್ಕು ಜನ, ಒಂದು ಸಾಲಲ್ವಾ ಅಪ್ಪ" ಎಂದು ನಕ್ಕುಬಿಟ್ಟ. ದಾಖಲೆಯಿಲ್ಲದೆ ಮಾತಾಡಿದ್ದೇ ತಮ್ಮ ತಪ್ಪು ಎಂದುಕೊಂಡ ಬೆನಕಪ್ಪನವರು ಜನವರಿ ಒಂದರಿಂದ ಒಂದು ರಿಜಿಸ್ಟರ್ ಶುರುಮಾಡಿದರು. ದಿನಾಂಕ, ಒಳಗೆ ಹೋದ ಸಮಯ, ಹೊರಟ ಸಮಯ, ತಡ ಎಷ್ಟು, ತಡವಾಗಲು ಕಾರಣ. ಹೆಸರು ಬರೆಯುವುದು ಮರ್ಯಾದೆಯಲ್ಲವೆಂದು ಗಾಡಿ ನಂಬರ್ ಕೊಟ್ಟರು. ತಾವು ಒಂದು, ಹೆಂಡತಿ ಎರಡು, ಮಗ ಮೂರು. ಸೊಸೆ ವಾಣಿಶ್ರೀ ಗಾಡಿ ನಂಬರ್ ನಾಲ್ಕು.

ನಾಲ್ಕನೇ ಗಾಡಿ ತಿಂಗಳಲ್ಲಿ ಹೆಚ್ಚಿನ ದಿನ ಎಂಟು ನಿಮಿಷಕ್ಕೆ ಹೊರಡುತ್ತಿತ್ತು. ಕೆಲವು ದಿನ ಮಾತ್ರ ಐವತ್ತು ನಿಮಿಷ, ಒಮ್ಮೊಮ್ಮೆ ಒಂದು ಗಂಟೆ ಹತ್ತು ನಿಮಿಷ.

ಆ ಐವತ್ತು ನಿಮಿಷ ಒಳಗೆ ಏನಾಗುತ್ತಿತ್ತು ಎಂಬುದು ವಾಣಿಶ್ರೀಯೊಬ್ಬಳಿಗೇ ಗೊತ್ತು. ಗಾಜಿನ ಚೂರು ಇಳಿದ ಹಾಗೆ ನೋವು. ಒಂದು ಕೈಯಲ್ಲಿ ನಲ್ಲಿ, ಇನ್ನೊಂದು ಕೈಯಲ್ಲಿ ಬಾಗಿಲ ಚಿಲಕ ಹಿಡಿದು, ಸೆರಗನ್ನು ಬಾಯಿಗೆ ತುರುಕಿಕೊಂಡು, ಬೆವರಿ ನೀರಾಗಿ ಕೂತಿರುತ್ತಿದ್ದಳು. ಮೂತ್ರ ಹೋದರೆ ಕೆಳಹೊಟ್ಟೆ ಹಿಂಡಿದ ಹಾಗಾಗುತ್ತಿತ್ತು, ಬಣ್ಣ ಕೆಂಪಗಿರುತ್ತಿತ್ತು. ಹೊರಗೆ ಮಾವನವರು ಕೆಮ್ಮುತ್ತಿದ್ದರು. ಅದು ಕೆಮ್ಮಲ್ಲ, ಹಾರ್ನು. ಅಷ್ಟು ನೋವಿನಲ್ಲೂ ಅವಳಿಗೆ ನಗು ಬರುತ್ತಿತ್ತು, ನಕ್ಕರೆ ನೋವು ಇನ್ನೂ ಜಾಸ್ತಿಯಾಗುತ್ತಿತ್ತು.

ಅವಳು ಜಗಳೂರು ಕಡೆಯ ಹುಡುಗಿ. ಮದುವೆಯಾಗಿ ಮೂರು ವರ್ಷ. ನ್ಯಾಮತಿಯ ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ, ದಿನಾ ಬೆಳಿಗ್ಗೆ ಎಂಟರ ಬಸ್ಸು. ಪ್ರತಿ ತಿಂಗಳೂ ಮೂರು ನಾಲ್ಕು ದಿನ ಆ ಬಸ್ಸು ತಪ್ಪುತ್ತಿತ್ತು. ಕಚೇರಿಯಲ್ಲಿ ಈಗಾಗಲೇ ಒಂದು ನೋಟೀಸು ಬಂದಿತ್ತು, ಇನ್ನೊಂದು ಬಂದರೆ ಕೆಲಸ ಹೋಗುವುದು ಖಂಡಿತ. ಅದು ಗುತ್ತಿಗೆ ಕೆಲಸ, ತೆಗೆದುಹಾಕಲು ಯಾರೂ ಹಿಂದೆಮುಂದೆ ನೋಡುವುದಿಲ್ಲ.

ಅವಳು ಸುಮ್ಮನೆ ಕೂತವಳಲ್ಲ. ಮೊದಲು ಅತ್ತೆ ಶಿವಗಂಗಮ್ಮನವರಿಗೆ, "ಉರಿ ಮೂತ್ರ ಆಗೈತೆ, ಕೆಂಪಗೆ ಹೋಗ್ತೈತೆ" ಎಂದಳು. ಶಿವಗಂಗಮ್ಮನವರು ಒಳ್ಳೆಯವರು, ಆದರೆ ಅವರ ವೈದ್ಯಶಾಸ್ತ್ರದಲ್ಲಿ ಇರುವುದು ಎರಡೇ ಕಾಯಿಲೆ, ಉಷ್ಣ ಮತ್ತು ಶೀತ. ಇದು ಉಷ್ಣ ಎಂದು ತೀರ್ಮಾನವಾಗಿ ಬಾರ್ಲಿ ನೀರು, ಬಾಳೆದಿಂಡಿನ ಪಲ್ಯ, ಎಳನೀರು ಶುರುವಾದವು. ಆಮೇಲೆ ಲ್ಯಾಬಿಗೆ ಹೋದಳು. ಲ್ಯಾಬಿನ ಪ್ರೇಮಲತಾ ಕೇಳಿದ ಮೊದಲನೇ ಪ್ರಶ್ನೆಯೇ, "ಮುಟ್ಟಾಗಿದೀರೇನ್ರಿ? ಹಂಗಿದ್ರೆ ಐದು ದಿನ ಬಿಟ್ಟು ಬರ್ರಿ, ಇಲ್ಲಾಂದ್ರೆ ರಿಪೋರ್ಟು ಸರಿ ಬರಲ್ಲ." ಹೇಳಿದ್ದು ಸರಿಯಾದ ಮಾತೇ. ಐದು ದಿನ ಬಿಟ್ಟು ಹೋದರೆ ಮೂತ್ರ ಬಾವಿನೀರಿನಷ್ಟು ತಿಳಿ, ರಿಪೋರ್ಟಿನಲ್ಲಿ ಎಲ್ಲ ನಾರ್ಮಲ್. ಎರಡು ಸಲ ಹೀಗಾಯಿತು. ಮಲವಿಸರ್ಜನೆಯ ನೋವಿಗೆ ದಾವಣಗೆರೆಯ ಒಂದು ಮೂಲವ್ಯಾಧಿ ಕ್ಲಿನಿಕ್ಕಿಗೆ ಹೋದಳು. ಅಲ್ಲಿಗೂ ಹೋದದ್ದು ನೋವಿಲ್ಲದ ದಿನ, ಯಾಕೆಂದರೆ ನೋವಿದ್ದ ದಿನ ಅವಳಿಗೆ ದಾವಣಗೆರೆಯ ತನಕ ಬಸ್ಸಿನಲ್ಲಿ ಕೂರುವುದು ಸಾಧ್ಯವಿರಲಿಲ್ಲ. ಅವರು ನೋಡಿ, ಸಣ್ಣದಾಗಿ ಮೂಲವ್ಯಾಧಿ ಇದೆ, ಲೇಸರ್ ಮಾಡಿಬಿಡೋಣ ಎಂದು ಜೂನ್ ಆರು ಶುಕ್ರವಾರ ಆಪರೇಶನ್ ಎಂದು ಚೀಟಿ ಬರೆದುಕೊಟ್ಟರು.

ಮೂಲವ್ಯಾಧಿ ಎಂಬ ಪದ ಮನೆಯೊಳಗೆ ಬಂದದ್ದೇ ಸುವರ್ಣಗಡ್ಡೆಯೂ ಬಂತು. ಸೋಮವಾರ ಪಲ್ಯ, ಬುಧವಾರ ಸಾಂಬಾರು, ಶುಕ್ರವಾರ ಹುರಿದದ್ದು. ಪ್ರಸನ್ನಕುಮಾರ್ ಒಂದು ದಿನ ತಟ್ಟೆ ನೋಡಿ, "ಅವ್ವ, ಮೂಲವ್ಯಾಧಿ ಇರೋದು ಅವಳಿಗೆ, ನನಗ್ಯಾಕೆ ಈ ಶಿಕ್ಷೆ" ಎಂದ. "ನಿಂಗೂ ಮುಂದೆ ಬರೋದೈತೆ, ಉಣ್ಣು" ಎಂದರು ಶಿವಗಂಗಮ್ಮ. ವಾಣಿಶ್ರೀಗೆ ಮಾತ್ರ ಮನಸ್ಸಿನೊಳಗೆ ಒಂದು ಭಯ ಕುಟುಕುತ್ತಿತ್ತು. ಆಪರೇಶನ್ ಮಾಡಿಸಿಕೊಂಡ ಮೇಲೂ ನೋವು ಹಾಗೇ ಉಳಿದರೆ? ಆಗ ಎಲ್ಲರೂ ನಾಟಕ ಎನ್ನುತ್ತಾರೆ. ತನಗೇ ತನ್ನ ಮೇಲೆ ನಂಬಿಕೆ ಹೋಗಿಬಿಡುತ್ತದೆ.

ಈ ಸಂಗತಿ ತಿರುವು ತೆಗೆದುಕೊಂಡದ್ದು ಮೇ ಕೊನೆಯ ಒಂದು ಭಾನುವಾರ, ತಿಂಡಿಯ ಹೊತ್ತಿನಲ್ಲಿ. ಶಿವಗಂಗಮ್ಮ ಮಂಡಕ್ಕಿ ಒಗ್ಗರಣೆ ಬಡಿಸುತ್ತಿದ್ದರು. ಬೆನಕಪ್ಪನವರು ರಿಜಿಸ್ಟರ್ ಹಿಡಿದುಕೊಂಡು ಬಂದು ಮಗನ ಮುಂದೆ ಕೂತರು.

"ಪ್ರಸನ್ನ, ಇಲ್ಲಿ ನೋಡಪ್ಪ. ಐದು ತಿಂಗಳ ರೆಕಾರ್ಡು. ಇನ್ನೊಂದು ಕಟ್ಟಿಸ್ಬೇಕೋ ಬ್ಯಾಡ್ವೋ ಆಮೇಲೆ ಮಾತಾಡಾನ. ಇದರೊಳಗೆ ಒಂದು ವಿಚಿತ್ರ ಐತೆ. ಕೆಟ್ಟ ಗಾಡಿ ಯಾವತ್ತು ಬೇಕಾದ್ರೂ ಲೇಟಾಗ್ತೈತೆ. ಇವತ್ತು ಟೈರು, ನಾಳೆ ಇಂಜಿನ್ನು. ನಾಲ್ಕನೇ ಗಾಡಿ ಹಂಗಲ್ಲ."

ವಾಣಿಶ್ರೀಯ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರವೇ ನಿಂತಿತು. ಮನೆಯಲ್ಲಿ ಒಂದು ರಿಜಿಸ್ಟರ್ ಇದೆ ಎಂದು ಗೊತ್ತಿತ್ತು. ಅದರಲ್ಲಿ ತಾನೊಂದು ಗಾಡಿ ಎಂದು ಈಗಷ್ಟೇ ಗೊತ್ತಾಯಿತು.

"ಜನವರಿ ಆರು," ಎಂದು ಓದತೊಡಗಿದರು ಬೆನಕಪ್ಪ. "ಫೆಬ್ರವರಿ ಎರಡು. ಮಾರ್ಚ್ ಒಂದು. ಮಾರ್ಚ್ ಇಪ್ಪತ್ತೆಂಟು. ಏಪ್ರಿಲ್ ಇಪ್ಪತ್ತನಾಲ್ಕು. ಮೊನ್ನೆ ಮೇ ಇಪ್ಪತ್ತೊಂದು. ಶುರುವಾದ್ರೆ ಮೂರು ದಿನ, ಒಂದ್ಸಲ ನಾಲ್ಕು ದಿನ. ಆಮೇಲೆ ಗಾಡಿ ರೈಟ್ ಟೈಮು. ನಡುವೆ ಎಷ್ಟು ದಿನ? ಪ್ರತಿ ಸಲಾನೂ ಇಪ್ಪತ್ತೇಳು. ಇದು ಕೆಟ್ಟ ಗಾಡಿ ಅಲ್ಲ, ಶೆಡ್ಯೂಲ್ ಗಾಡಿ. ನಾನು ಬಾಳ ಯೋಚನೆ ಮಾಡ್ದೆ. ಅಮಾವಾಸ್ಯೆಗೂ ಕೂಡಲ್ಲ, ಹುಣ್ಣಿಮೆಗೂ ಕೂಡಲ್ಲ. ನಕ್ಷತ್ರ ಎಷ್ಟವೆ ಹೇಳು ನೋಡಾನ. ಇಪ್ಪತ್ತೇಳು. ಇದು ನಕ್ಷತ್ರದ ದೋಷ. ಆಪರೇಶನ್ನಿಗೆ ಮೊದಲು ಪಂಚಾಂಗ ನೋಡೋರನ್ನ ಕೇಳಬೇಕು."

ಪ್ರಸನ್ನಕುಮಾರ್ ಮಂಡಕ್ಕಿಯ ಕಡೆ ನೋಡಿದ. ವಾಣಿಶ್ರೀ ನೆಲದ ಕಡೆ ನೋಡಿದಳು. ಬೆನಕಪ್ಪನವರಿಗೆ ತಮ್ಮ ಸಂಶೋಧನೆಗೆ ಯಾಕೆ ಯಾರೂ ತಲೆದೂಗುತ್ತಿಲ್ಲ ಎಂಬುದೇ ಅರ್ಥವಾಗಲಿಲ್ಲ.

"ಯಾಕೆ, ಇಪ್ಪತ್ತೇಳು ದಿನಕ್ಕೊಮ್ಮೆ ಬರೋದು ಇನ್ನೇನೈತೆ ಲೋಕದಾಗೆ?" ಎಂದು ಕೇಳಿದರು.

"ಸುಮ್ನೆ ತಿನ್ರಿ," ಎಂದರು ಶಿವಗಂಗಮ್ಮ.

ಅದು ಲಿಂಗ ಕಟ್ಟಿದ ಮನೆ. ಮುಟ್ಟಾದವರು ಹೊರಗೆ ಕೂರುವ ಪದ್ಧತಿ ಅಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ಒಲೆ ಹಚ್ಚುತ್ತಾರೆ, ಪೂಜೆ ಮಾಡುತ್ತಾರೆ, ಕೆಲಸಕ್ಕೆ ಹೋಗುತ್ತಾರೆ. ಒಳ್ಳೆಯ ಪದ್ಧತಿಯೇ. ಆದರೆ ಅದರಿಂದಾಗಿ ಸೊಸೆಯ ಮುಟ್ಟು ಯಾವ ದಿನ ಎಂಬುದನ್ನು ಆ ಮನೆಯಲ್ಲಿ ಯಾರೂ ಗಮನಿಸಬೇಕಾಗಿಯೇ ಇರಲಿಲ್ಲ. ಗಮನಿಸಿದ್ದು ಬೆನಕಪ್ಪನವರೊಬ್ಬರೇ, ಅದೂ ಏನನ್ನು ಗಮನಿಸುತ್ತಿದ್ದೇನೆಂದು ಗೊತ್ತಿಲ್ಲದೆ.

ಶಿವಗಂಗಮ್ಮ ಸೌಟು ಹಿಡಿದುಕೊಂಡೇ ನಿಂತಿದ್ದರು. ಆಮೇಲೆ ನಿಧಾನವಾಗಿ, "ವಾಣಿ, ಬರೀ ಆ ದಿನಗಳಾಗೇನೇ ನಿಂಗೆ ಹಿಂಗಾಗೋದು?" ಎಂದರು.

ವಾಣಿಶ್ರೀ ಹೌದೆಂದು ತಲೆಯಾಡಿಸಿದಳು. ಹೈಸ್ಕೂಲಿನಿಂದಲೂ ಮುಟ್ಟು ಎಂದರೆ ಅವಳಿಗೆ ನೋವೇ. ನೋವು ಎಲ್ಲರಿಗೂ ಇರುತ್ತದೆ ಎಂದು ಅಮ್ಮ ಹೇಳಿದ್ದಳು. ಹಾಗಾಗಿ ಮುಟ್ಟಿನ ನೋವನ್ನು ಒಂದು ಕಡೆ ಇಟ್ಟು, ಮಲದ ನೋವನ್ನು ದಾವಣಗೆರೆಗೆ, ಮೂತ್ರದ ಕೆಂಪನ್ನು ಲ್ಯಾಬಿಗೆ ಕಳಿಸಿದ್ದಳು. ಮೂರೂ ಒಂದೇ ಬಸ್ಸಿನಲ್ಲಿ ಬರುತ್ತಿವೆ ಎಂದು ಅವಳಿಗೂ ಹೊಳೆದಿರಲಿಲ್ಲ.

"ಮೂಲವ್ಯಾಧಿಯೋರ ಹತ್ರ ಆಮೇಲೆ ಹೋಗಾನ. ಮೊದಲು ಹೆಣ್ಣು ಡಾಕ್ಟರ್ ಹತ್ರ," ಎಂದರು ಶಿವಗಂಗಮ್ಮ. "ರೀ, ಆ ಪುಸ್ತಕ ಕೊಡ್ರಿ ಇಲ್ಲಿ."

"ರಿಜಿಸ್ಟರ್ ನನ್ನ ಕೈ ಬಿಟ್ಟು ಹೋಗಂಗಿಲ್ಲ," ಎಂದರು ಬೆನಕಪ್ಪ. "ನಾನೇ ಹಾಜರುಪಡಿಸ್ತೀನಿ."

ಹಾಗಾಗಿ ಸೋಮವಾರ ಆಸ್ಪತ್ರೆಗೆ ಹೋದವರು ಮೂವರು. ಹೆರಿಗೆ ಮತ್ತು ಸ್ತ್ರೀರೋಗದ ಡಾಕ್ಟರ್ ಶಾಂತಲಾ ಚನ್ನಗಿರಿಯವರು. ಅವರ ಕೋಣೆಯ ಹೊರಗೆ ತುಂಬ ಬಸುರಿಯರು, ಒಳಗೆ ಕೋಟಿನ ಜೇಬಿನಲ್ಲಿ ಎರಡು ಪೆನ್ನಿಟ್ಟುಕೊಂಡ ಬೆನಕಪ್ಪ.

"ಇವರಿಗೇನಾಗಿದೆ?" ಎಂದರು ಡಾಕ್ಟರ್, ಬೆನಕಪ್ಪನವರನ್ನು ನೋಡಿ.

"ನಂಗೇನಿಲ್ಲ ಮೇಡಂ. ನಾಲ್ಕನೇ ಗಾಡಿದು ತೊಂದರೆ," ಎಂದು ರಿಜಿಸ್ಟರ್ ಬಿಚ್ಚಿ ಮೇಜಿನ ಮೇಲಿಟ್ಟರು. ಡಾಕ್ಟರಿಗೆ ನಗು ಬಂತು.

ವಾಣಿಶ್ರೀಗೆ ನೆಲ ಬಾಯಿಬಿಟ್ಟರೆ ಸಾಕು ಎನ್ನಿಸಿತು. ಜತೆಗೇ ಇನ್ನೊಂದನ್ನು ನೋಡಿದಳು. ಕೊನೆಯ ಕಾಲಮ್ಮಿನಲ್ಲಿ, ಅವಳ ಒಂದೊಂದು ತಡದ ಮುಂದೆಯೂ ಕೆಂಪು ಶಾಯಿಯಲ್ಲಿ ಮಾವನವರ ದುಂಡು ಅಕ್ಷರ: ಚಾಲಕರ ನಿರ್ಲಕ್ಷ್ಯ. ಹತ್ತೊಂಬತ್ತು ಸಲ. ಸೆರಗು ಬಾಯಿಗೆ ತುರುಕಿಕೊಂಡು ಕೂತ ಒಂದೊಂದು ಬೆಳಗಿಗೂ ಒಂದೊಂದು ನಿರ್ಲಕ್ಷ್ಯ. ಅವಳಿಗೆ ಅಳು ಬಂತು, ಆದರೆ ಆ ಹೊತ್ತಿಗೆ ಡಾಕ್ಟರ್ ನಗುವುದನ್ನು ನಿಲ್ಲಿಸಿ ಎರಡನೇ ಸಲ ದಿನಾಂಕಗಳನ್ನು ಓದುತ್ತಿದ್ದರು.

"ಯಜಮಾನರೇ, ಇದನ್ನ ಇಲ್ಲೇ ಬಿಟ್ಟು ನೀವು ಸ್ವಲ್ಪ ಹೊರಗಿರಿ. ನಿಮ್ಮ ಸೊಸೆ ಹತ್ರ ಮಾತಾಡಬೇಕು."

ರಿಜಿಸ್ಟರ್ ಬಿಟ್ಟು ಹೋಗುವಾಗ ಬೆನಕಪ್ಪನವರ ಮುಖ ಸಣ್ಣದಾಯಿತು. ಐದೇ ನಿಮಿಷದಲ್ಲಿ ಹೊರಗಿನಿಂದ ಅವರ ದನಿ ಕೇಳಿಸಿತು: "ಚೀಟಿ ನಂಬರ್ ಹದಿನಾರರೋರು ಬಾಗಿಲ ಹತ್ರ ತಯಾರಾಗಿರಬೇಕು. ಹದಿನೇಳು, ನೀನು ಬೆಂಚಿನ ಮ್ಯಾಗೆ ಕೂರವ್ವ, ನಿಲ್ಲಬ್ಯಾಡ."

ಡಾಕ್ಟರ್ ಒಂದೊಂದಾಗಿ ಕೇಳಿದರು. ನೋವು ಮುಟ್ಟಿಗೆ ಮೊದಲೇ ಶುರುವಾಗುತ್ತದೆಯೇ? ಗಂಡನ ಜೊತೆ ಸೇರುವಾಗ ಒಳಗೆ ಆಳದಲ್ಲಿ ನೋಯುತ್ತದೆಯೇ? ಮಲದಲ್ಲಿ ರಕ್ತ ಇದೆಯೇ? ಮೂತ್ರದ ಕೆಂಪು ಮುಟ್ಟಿನ ರಕ್ತ ಬೆರೆತದ್ದಲ್ಲ ಎಂದು ಹೇಗೆ ಗೊತ್ತು? ಎರಡನೇ ಪ್ರಶ್ನೆಗೆ ಶಿವಗಂಗಮ್ಮ ಕಿಟಕಿಯಾಚೆಯ ಬೇವಿನ ಮರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ವಾಣಿಶ್ರೀ ಹೌದೆಂದಳು. ಮಲದಲ್ಲಿ ರಕ್ತ ಕಂಡಿಲ್ಲ ಎಂದಳು. ಕೊನೆಯದಕ್ಕೆ, "ಮೊದಲು ಹಂಗೇ ಅಂದ್ಕೊಂಡಿದ್ದೆ ಮೇಡಂ. ಆದ್ರೆ ಮುಟ್ಟಾಗೋ ಹಿಂದಿನ ದಿನಾನೇ ಮೂತ್ರ ಕೆಂಪಗಿರ್ತೈತೆ. ಬಟ್ಟೆಗೆ ಏನೂ ಆಗಿರಲ್ಲ," ಎಂದಳು. ಡಾಕ್ಟರ್ ಅದನ್ನು ಬರೆದುಕೊಂಡರು. ಆಮೇಲೆ ಅವಳ ಒಪ್ಪಿಗೆ ಕೇಳಿ, ನರ್ಸನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪರದೆಯ ಹಿಂದೆ ಪರೀಕ್ಷೆ ಮಾಡಿದರು. ಗರ್ಭಕೋಶದ ಹಿಂಬದಿ ಒತ್ತಿದಾಗ ವಾಣಿಶ್ರೀ ನರ್ಸಿನ ಕೈ ಹಿಡಿದುಕೊಂಡಳು. ಅದೇ ಗಾಜಿನ ಚೂರು.

"ಗರ್ಭಕೋಶದ ಒಳಗೆ ಒಂದು ಪದರ ಇರುತ್ತೆ," ಎಂದರು ಡಾಕ್ಟರ್, ಕೈ ತೊಳೆದುಕೊಂಡು ಬಂದು ಕೂತು. "ತಿಂಗಳಿಗೊಮ್ಮೆ ಮುಟ್ಟಾಗಿ ಹೋಗೋದು ಅದೇ. ಕೆಲವರಿಗೆ ಅದೇ ಥರದ್ದು ಗರ್ಭಕೋಶದ ಹೊರಗೂ ಬೆಳೀತದೆ. ಎಂಡೊಮೆಟ್ರಿಯೋಸಿಸ್ ಅಂತಾರೆ. ಆಳಕ್ಕೆ ಇಳಿಯೋ ಜಾತಿ ಒಂದಿದೆ. ಗರ್ಭಕೋಶದ ಹಿಂದೆ ಗಂಟು ಕಟ್ಟಿ ಗುದನಾಳದ ಗೋಡೆಗೆ ಅಂಟ್ಕೊಂಡರೆ ಮಲ ಹೋಗೋವಾಗ ಪ್ರಾಣ ಹೋಗೋ ನೋವು. ಮುಂದಿನ ಕಡೆ ಮೂತ್ರಚೀಲದ ಗೋಡೆಗೆ ಇಳಿದರೆ ಮೂತ್ರದಲ್ಲಿ ರಕ್ತ. ಅದಕ್ಕೂ ಮುಟ್ಟಿನ ಲೆಕ್ಕವೇ. ತಿಂಗಳಿಗೊಮ್ಮೆ ಊದಿಕೊಳ್ಳುತ್ತೆ, ಕೆರಳುತ್ತೆ, ಆಮೇಲೆ ತಣ್ಣಗಾಗುತ್ತೆ. ಇದು ಕ್ಯಾನ್ಸರ್ ಅಲ್ಲ."

"ಹಂಗಾದ್ರೆ ಮೂಲವ್ಯಾಧಿ?" ಎಂದರು ಶಿವಗಂಗಮ್ಮ. ಅಡಿಗೆಮನೆಯಲ್ಲಿ ಇನ್ನೂ ಮೂರು ಕೆಜಿ ಸುವರ್ಣಗಡ್ಡೆ ಇತ್ತು.

"ಸಣ್ಣದಾಗಿ ಇರಬಹುದು, ತುಂಬ ಜನಕ್ಕಿರುತ್ತೆ. ಆದರೆ ಮೂಲವ್ಯಾಧಿ ಕ್ಯಾಲೆಂಡರ್ ನೋಡ್ಕೊಂಡು ಬರಲ್ಲವಲ್ಲಮ್ಮ. ಆಪರೇಶನ್ ಸದ್ಯಕ್ಕೆ ನಿಲ್ಲಿಸಿ. ನಾನು ಹೇಳ್ತಿರೋದು ಇನ್ನೂ ಅನುಮಾನ ಅಷ್ಟೇ. ಕಲ್ಲು, ಸೋಂಕು, ಬೇರೆ ಏನಾದ್ರೂ ಇದೆಯಾ ನೋಡಬೇಕು. ಸಾಮಾನ್ಯ ಸ್ಕ್ಯಾನಲ್ಲಿ ಇದು ಎಷ್ಟೋ ಸಲ ಕಾಣೋದೇ ಇಲ್ಲ, ನಾರ್ಮಲ್ ಅಂತ ಬಂದ್ರೂ ಇಲ್ಲ ಅಂತ ಅಲ್ಲ. ಎಂ.ಆರ್.ಐ.ಗೆ ದಾವಣಗೆರೆಗೆ ಬರೆದುಕೊಡ್ತೀನಿ. ಮತ್ತೆ ಮುಂದಿನ ತಿಂಗಳು ಕೆಂಪು ಕಂಡ ದಿನವೇ ಇಲ್ಲಿಗೆ ಬಾ. ತೆಳ್ಳನೆ ನಳಿಗೆಯಲ್ಲಿ ಮೂತ್ರಚೀಲದಿಂದಲೇ ತಗೊಂಡು ಟೆಸ್ಟ್ ಮಾಡಿದರೆ ಮುಟ್ಟಿನ ರಕ್ತ ಬೆರೆಯಲ್ಲ." ಆಮೇಲೆ ರಿಜಿಸ್ಟರ್ ಮುಚ್ಚಿ, "ಎರಡು ಮೂರು ವರ್ಷ ಅಲೆದಾಡಿದರೂ ಇಂಥ ದಾಖಲೆ ಯಾರೂ ತರಲ್ಲ. ಇದನ್ನ ಬರೆದೋರಿಗೆ ಥ್ಯಾಂಕ್ಸ್ ಹೇಳು," ಎಂದರು.

ವಾಣಿಶ್ರೀ ಥ್ಯಾಂಕ್ಸ್ ಹೇಳಲಿಲ್ಲ. ಬರೆದವರು ಏನು ಬರೆದಿದ್ದಾರೆ ಎಂಬುದನ್ನು ಅವಳು ಓದಿದ್ದಳು.

ಮನೆಯಲ್ಲಿ ಶಿವಗಂಗಮ್ಮ ಗಂಡನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಇಪ್ಪತ್ತೇಳು ದಿನಕ್ಕೊಮ್ಮೆ ಬರುವುದು ಏನು ಎಂದು ವಿವರಿಸಿದರು. ಅಲ್ಲಿ ಏನು ಮಾತಾಯಿತೋ ಗೊತ್ತಿಲ್ಲ. ಬೆನಕಪ್ಪನವರು ಎರಡು ದಿನ ಯಾವ ಪ್ರಕಟಣೆಯನ್ನೂ ಮಾಡಲಿಲ್ಲ. ನಕ್ಷತ್ರದ ವಿಚಾರ ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಜೂನ್ ಆರಕ್ಕೆ ಆಪರೇಶನ್ ಆಗಲಿಲ್ಲ. ಹದಿನಾರಕ್ಕೆ ಮೂತ್ರ ಕೆಂಪಾಯಿತು, ಅಂದೇ ಆಸ್ಪತ್ರೆಯಲ್ಲಿ ಮಾದರಿ ತೆಗೆದುಕೊಂಡು ಲ್ಯಾಬಿಗೆ ಕಳಿಸಿದರು. ರಿಪೋರ್ಟಿನಲ್ಲಿ ಮೊದಲ ಸಲ ರಕ್ತಕಣ ಕಂಡವು, ಸೋಂಕು ಇರಲಿಲ್ಲ. ರಿಪೋರ್ಟು ಕೈಗೆ ಬಂದಾಗ ವಾಣಿಶ್ರೀಗೆ ಆದ ಸಮಾಧಾನ ನೋಡಿ ಲ್ಯಾಬಿನ ಪ್ರೇಮಲತಾಗೆ ಗಾಬರಿಯಾಯಿತು. "ರಕ್ತ ಐತೆ ಅಂತ ಬಂದೈತೆ ಕಣ್ರಿ, ನಗ್ತೀರಲ್ಲ," ಎಂದಳು. ಎಂ.ಆರ್.ಐ.ಯಲ್ಲಿ ಗರ್ಭಕೋಶದ ಹಿಂದೆ, ಗುದನಾಳಕ್ಕೆ ಅಂಟಿಕೊಂಡು ಎರಡು ಸೆಂಟಿಮೀಟರಿನ ಗಂಟು, ಮೂತ್ರಚೀಲದ ಗೋಡೆಯಲ್ಲಿ ಒಂದು ಸಣ್ಣದು. ಮೂತ್ರದ ಡಾಕ್ಟರು ಕ್ಯಾಮೆರಾ ಹಾಕಿ ಒಳಗೆ ನೋಡಿದರು, ಮೂತ್ರಪಿಂಡಗಳಿಗೆ ತೊಂದರೆಯಿಲ್ಲ ಎಂಬುದನ್ನೂ ಖಾತ್ರಿ ಮಾಡಿಕೊಂಡರು.

ಡಾಕ್ಟರ್ ಶಾಂತಲಾ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡಿದರು. ದಿನಕ್ಕೊಂದು ಹಾರ್ಮೋನ್ ಮಾತ್ರೆ ತಗೊಂಡರೆ ಮುಟ್ಟು ನಿಲ್ಲಬಹುದು, ಗಂಟು ಕೆರಳುವುದು ಕಡಿಮೆಯಾಗಬಹುದು. ಆದರೆ ಮಾತ್ರೆ ನುಂಗುವಷ್ಟು ಕಾಲ ಮಗುವಿನ ಯೋಚನೆ ಮುಂದಕ್ಕೆ ಹಾಕಬೇಕು. ಮಾತ್ರೆಗೆ ಬಗ್ಗದಿದ್ದರೆ ಆಪರೇಶನ್, ಅದು ಕರುಳಿನ ಡಾಕ್ಟರು, ಮೂತ್ರದ ಡಾಕ್ಟರು ಎಲ್ಲ ಸೇರಿ ದೊಡ್ಡ ಆಸ್ಪತ್ರೆಯಲ್ಲಿ ಮಾಡುವಂಥದ್ದು. ಪ್ರಸನ್ನಕುಮಾರ್ ಹೆಂಡತಿಯ ಕಡೆ ನೋಡಿ, "ಮೊದಲು ಇವಳು ನೋವಿಲ್ಲದೆ ಇರ್ಲಿ ಮೇಡಂ. ಉಳಿದದ್ದು ಆಮೇಲೆ," ಎಂದ. ಪಂಪ್‌ಸೆಟ್ ಬಿಟ್ಟು ಬೇರೆ ವಿಷಯದಲ್ಲಿ ಅವನು ಇಷ್ಟು ಖಚಿತವಾಗಿ ಮಾತಾಡಿದ್ದನ್ನು ವಾಣಿಶ್ರೀ ಕಂಡಿರಲಿಲ್ಲ. ಡಾಕ್ಟರ್ ಕೊಟ್ಟ ಪತ್ರವನ್ನು ಅವಳು ಕಚೇರಿಯಲ್ಲಿ ಸಾಹೇಬರ ಮೇಜಿನ ಮೇಲಿಟ್ಟಳು. ಎರಡನೇ ನೋಟೀಸು ಬರಲಿಲ್ಲ.

ಮಾತ್ರೆ ಶುರುವಾದ ಮೊದಲ ತಿಂಗಳು ಅಷ್ಟೇನೂ ಬದಲಾಗಲಿಲ್ಲ, ಆಗೀಗ ಬಟ್ಟೆಗೆ ರಕ್ತದ ಕಲೆ ಕಾಣಿಸುತ್ತಿತ್ತು, ತಲೆನೋವು ಬೇರೆ. ಎರಡನೇ ತಿಂಗಳು ನೋವು ಅರ್ಧಕ್ಕಿಳಿಯಿತು. ಮೂರನೇ ತಿಂಗಳು ಮಾವನವರ ಲೆಕ್ಕದ ದಿನ ಬಂತು. ಬೆಳಿಗ್ಗೆ ಆರೂವರೆಗೆ ವಾಣಿಶ್ರೀ ಒಳಗೆ ಹೋಗುವಾಗ ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು, ಹಜಾರದಲ್ಲಿ ಪೇಪರ್ ತಿರುವುವ ಸದ್ದು ನಿಂತಿತು. ಒಬ್ಬರೂ ಕೆಮ್ಮಲಿಲ್ಲ. ಎಂಟೇ ನಿಮಿಷಕ್ಕೆ ಅವಳು ಹೊರಗೆ ಬಂದಾಗ ಬೆನಕಪ್ಪನವರು ಗಡಿಯಾರ ನೋಡಿ, ಬೇರೆ ಯಾರಿಗೋ ಹೇಳುವವರ ಹಾಗೆ ಗೋಡೆಯ ಕಡೆ ತಿರುಗಿ, "ಇಪ್ಪತ್ತೇಳು ದಿನದ ಶೆಡ್ಯೂಲ್ ರದ್ದಾಗಿದೆ," ಎಂದು ಪ್ರಕಟಿಸಿದರು.

ವಾಣಿಶ್ರೀ ನಕ್ಕಳು. ನಕ್ಕರೆ ನೋಯಲಿಲ್ಲ. ಕಾಯಿಲೆ ಹೋಗಿಲ್ಲ, ಮಾತ್ರೆ ನಿಲ್ಲಿಸಿದರೆ ಮತ್ತೆ ತಲೆಯೆತ್ತಬಹುದು ಎಂದು ಅವಳಿಗೆ ಗೊತ್ತಿತ್ತು. ಆದರೂ ಅದಕ್ಕೊಂದು ಹೆಸರಿತ್ತು, ಅದು ನಾಟಕವಲ್ಲ ಎನ್ನಲು ಕಾಗದವಿತ್ತು.

ಅವಳು ಬಸ್ಸಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿರುವಾಗ ಬೆನಕಪ್ಪನವರು ರಿಜಿಸ್ಟರ್ ತಂದು ಮುಂದೆ ಹಿಡಿದರು.

"ಒಂದು ಸಹಿ ಬೇಕಾಗಿತ್ತವ್ವ."

"ಯಾತಕ್ಕೆ ಮಾವ?"

"ರಿಜಿಸ್ಟರಿನಾಗೆ ತಿದ್ದುಪಡಿ ಮಾಡಿದ್ರೆ ಸಂಬಂಧಪಟ್ಟೋರು ಸಹಿ ಹಾಕಬೇಕು. ರೂಲ್ಸು."

ಅವಳು ಪುಟ ತಿರುವಿದಳು. ಜನವರಿ ಆರರಿಂದ ಹಿಡಿದು ಹತ್ತೊಂಬತ್ತು ಕಡೆಯೂ 'ಚಾಲಕರ ನಿರ್ಲಕ್ಷ್ಯ' ಎಂಬುದನ್ನು ಅಡಿಪಟ್ಟಿ ಇಟ್ಟು ನೇರವಾಗಿ ಹೊಡೆದುಹಾಕಲಾಗಿತ್ತು. ಪ್ರತಿಯೊಂದರ ಪಕ್ಕದಲ್ಲೂ ಬೆನಕಪ್ಪನವರ ಚಿಕ್ಕ ಸಹಿ. ಕೆಳಗೆ, ನೀಲಿ ಶಾಯಿಯಲ್ಲಿ, ಒಂದೊಂದು ದಿನಕ್ಕೂ ಬೇರೆಬೇರೆಯಾಗಿ, ಎಲ್ಲೂ 'ಮೇಲಿನಂತೆ' ಎನ್ನದೆ ಬರೆದಿದ್ದರು: ರಸ್ತೆ ಬಹಳ ಕೆಟ್ಟಿತ್ತು. ಚಾಲಕರದ್ದು ತಪ್ಪಿಲ್ಲ.

ಬೆನಕಪ್ಪನವರು ಅಂಗಳದ ಕಡೆ ನೋಡುತ್ತ ನಿಂತಿದ್ದರು. ವಾಣಿಶ್ರೀ ಬಾಗಿಲಿಗೆ ಒರಗಿ ಒಂದೊಂದಕ್ಕೂ ಸಹಿ ಹಾಕತೊಡಗಿದಳು. ಕಣ್ಣು ಮಂಜಾಗಿ ಅಕ್ಷರ ಸರಿಯಾಗಿ ಕಾಣುತ್ತಿರಲಿಲ್ಲ, ಹತ್ತೊಂಬತ್ತು ಸಹಿ ಎಂದರೆ ಕಡಿಮೆಯೂ ಅಲ್ಲ. ಅವಳು ಮುಗಿಸುವ ಹೊತ್ತಿಗೆ ನ್ಯಾಮತಿಯ ಬಸ್ಸು ಹೊರಟುಹೋಗಿತ್ತು. ಬೆನಕಪ್ಪನವರು ಗಡಿಯಾರ ನೋಡಿಕೊಂಡರು. ಪೆನ್ನು ಇಸಿದುಕೊಂಡು, ಆ ದಿನದ ಸಾಲಿನ ಕೊನೆಗೆ, ತಡವಾಗಲು ಕಾರಣದ ಕೆಳಗೆ, 'ಕಂಟ್ರೋಲರ್' ಎಂದು ಬರೆದುಕೊಂಡರು.